ಬೇರು ನೋಡಿ ಅರ್ಥ ಹೇಳಬಹುದು, ಆದರೆ ಎಲ್ಲಾ ಪದಕ್ಕೂ ಅಲ್ಲ

ನಮ್ಮ ತಾಲೂಕಿನ ಗ್ರಂಥಾಲಯದಲ್ಲಿ ಎಸ್‌ಎಸ್‌ಸಿ ಪರೀಕ್ಷೆಗೆ ಓದುವ ಹುಡುಗರ ಕೈಯಲ್ಲಿ ಈಗ ಒಂದು ಜೆರಾಕ್ಸ್ ಪಟ್ಟಿ ಓಡಾಡುತ್ತಿದೆ. ಇಂಗ್ಲಿಷ್ ಪದಗಳ ಬೇರುಗಳ ಪಟ್ಟಿ. ಇದನ್ನು ಬಾಯಿಪಾಠ ಮಾಡಿದರೆ ಸಿನೊನಿಮ್, ಆಂಟೊನಿಮ್ ಪ್ರಶ್ನೆಗಳೆಲ್ಲ ಕೈಗೆ ಬಂದಂತೆ ಎಂದು ಕೋಚಿಂಗ್‌ನಲ್ಲಿ ಹೇಳಿದ್ದಾರಂತೆ. ನಾವೂ ಇಂಥ ಪರೀಕ್ಷೆ ಬರೆದು ಏಟು ತಿಂದವರೇ. ಈ ಮಾತು ಅರ್ಧ ನಿಜ, ಉಳಿದರ್ಧ ಅಂಕ ಕಳೆಯುತ್ತದೆ.

ನಿಜ ಇರುವ ಅರ್ಧ ಮೊದಲು. 'ಮೆಲೆವೊಲೆಂಟ್' ಎಂಬ ಪದ ಬಂತು ಅಂದುಕೊಳ್ಳಿ. ಮೊದಲ ತುಂಡು 'ಮಾಲ್', ಅಂದರೆ ಕೆಟ್ಟದ್ದು. ಅಂಗನವಾಡಿಯವರು ಹೇಳುವ ಮಾಲ್‌ನ್ಯೂಟ್ರಿಷನ್‌ನಲ್ಲಿ ಇರುವುದು ಅದೇ. ಮಲೇರಿಯಾ ಎಂಬ ಹೆಸರು ಬಂದದ್ದೂ 'ಕೆಟ್ಟ ಗಾಳಿ' ಎಂಬ ಅರ್ಥದಿಂದ. ಎರಡನೇ ತುಂಡು 'ವೋಲ್', ಅಂದರೆ ಇಚ್ಛೆ. ಇಚ್ಛೆಯಿಂದ ಕೆಲಸಕ್ಕೆ ಬಂದವನು ವಾಲಂಟಿಯರ್. ಎರಡನ್ನೂ ಕೂಡಿಸಿದರೆ 'ಕೇಡು ಬಯಸುವ' ಎಂದಾಯಿತು. ಇದರ ವಿರುದ್ಧ ಪದ 'ಬೆನೆವೊಲೆಂಟ್'. 'ಬೆನೆ' ಅಂದರೆ ಒಳ್ಳೆಯದು. ಪಂಚಾಯ್ತಿ ಮನೆ ಪಟ್ಟಿಯಲ್ಲಿ ಬರುವ ಬೆನಿಫಿಷಿಯರಿಯಲ್ಲೂ ಇದೆ. ನೋಡಿ, ಬೇರುಗಳು ಪಟ್ಟಿಗಿಂತ ಮೊದಲೇ ನಮ್ಮ ಊರಿಗೆ ಬಂದಿವೆ.

ಇನ್ನು ಮೋಸ ಮಾಡುವ ಅರ್ಧ. 'ಎನರ್ವೇಟ್' ಪದಕ್ಕೆ ಸಿನೊನಿಮ್ ಕೇಳಿದ್ದಾರೆ ಅಂದುಕೊಳ್ಳಿ. ಆಯ್ಕೆಗಳು ನಾಲ್ಕು: ಸ್ಟ್ರೆಂಥನ್, ವೀಕನ್, ಅನಾಯ್, ರಿವಾರ್ಡ್. ಪಟ್ಟಿ ಓದಿದ ಹುಡುಗ ಹೀಗೆ ಲೆಕ್ಕ ಹಾಕುತ್ತಾನೆ: ಎನೇಬಲ್, ಎನ್‌ರಿಚ್ ಪದಗಳಲ್ಲಿ 'ಎನ್' ಬಂದರೆ ಶಕ್ತಿ, ಸಂಪತ್ತು ತುಂಬುವುದು. 'ನರ್ವ್' ಅಂದರೆ ನರ. ಅಲ್ಲಿಗೆ ನರಕ್ಕೆ ಬಲ ತುಂಬುವುದು, ಉತ್ತರ ಸ್ಟ್ರೆಂಥನ್. ತಪ್ಪು! ಇಲ್ಲಿ ಇರುವುದು 'ಎನ್' ಅಲ್ಲ, ಬರೀ 'ಎ'; 'ಹೊರಗೆ' ಎಂಬ ಅರ್ಥದ ಲ್ಯಾಟಿನ್ ತುಂಡು. ನರವನ್ನು ಹೊರಗೆ ತೆಗೆಯುವುದು, ಅಂದರೆ ಬಲ ಉಡುಗಿಸುವುದು. ಕೈಲಾಗದವನನ್ನು ನಾವು ನರಸತ್ತವನು ಅನ್ನುವುದಿಲ್ಲವೇ, ಹಾಗೆ. ಸರಿ ಉತ್ತರ ವೀಕನ್. ಬೇರು ಸುಳ್ಳು ಹೇಳಲಿಲ್ಲ, ನಾವು ತುಂಡು ಮಾಡಿದ ಜಾಗ ತಪ್ಪಿತು.

'ಇನ್' ಕಥೆಯೂ ಇದೇ. ಇನ್ ಬಂದರೆ 'ಅಲ್ಲ' ಎಂದು ಪಟ್ಟಿ ಹೇಳುತ್ತದೆ. ಹಾಗಾದರೆ ಪೆಟ್ರೋಲ್ ಟ್ಯಾಂಕರ್ ಹಿಂದೆ ಬರೆದಿರುವ 'ಇನ್‌ಫ್ಲೇಮಬಲ್' ಅಂದರೆ ಬೆಂಕಿ ಹತ್ತದ್ದು ಎಂದೇ? ಅದರ ಅರ್ಥ ಬೇಗ ಹೊತ್ತಿಕೊಳ್ಳುವುದು ಎಂದು. ಅಲ್ಲಿ 'ಇನ್' ಬಂದದ್ದು ಒಳಗೆ ಎಂಬ ಅರ್ಥದಿಂದ. 'ಇನ್‌ವ್ಯಾಲ್ಯುಬಲ್' ಅಂದರೂ ಬೆಲೆಯಿಲ್ಲದ್ದು ಅಲ್ಲ, ಬೆಲೆ ಕಟ್ಟಲಾಗದ್ದು. ಕನ್ನಡದಲ್ಲಿ 'ಅಮೂಲ್ಯ' ಎನ್ನುತ್ತೇವಲ್ಲ, ಅದೇ ಲೆಕ್ಕ. 'ಅಸಾಧ್ಯ'ದ 'ಅ' ನೋಡಿ ಅಮೂಲ್ಯವನ್ನು ಯಾರೂ ಕೆಲಸಕ್ಕೆ ಬಾರದ್ದು ಅನ್ನುವುದಿಲ್ಲ. ಏಕೆಂದರೆ ಆ ಪದವನ್ನು ನಾವು ವಾಕ್ಯದಲ್ಲಿ ಕೇಳಿ ಬೆಳೆದಿದ್ದೇವೆ. ಇಂಗ್ಲಿಷ್ ಪದಕ್ಕೆ ಆ ಬೆಂಬಲ ಇಲ್ಲ, ಅದಕ್ಕೇ ಎಡವುತ್ತೇವೆ.

ಇದರ ಬೆಲೆ ಎಷ್ಟು? ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ. ಸರಿಯಾದರೆ 2 ಅಂಕ, ತಪ್ಪಾದರೆ ಅರ್ಧ ಅಂಕ ಕಡಿತ. ನಾಲ್ಕರಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತಿದರೆ ಸರಾಸರಿ ಸಿಗುವುದು ಒಂದು ಅಂಕದ ಎಂಟನೇ ಒಂದು ಭಾಗ, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲ. ಬೇರಿನ ಬಲದಿಂದ ಎರಡು ಆಯ್ಕೆ ಹೊಡೆದುಹಾಕಿ ಉಳಿದೆರಡರಲ್ಲಿ ಒಂದನ್ನು ಒತ್ತಿದರೆ ಸರಾಸರಿ ಮುಕ್ಕಾಲು ಅಂಕ. ಬೇರಿನ ಲಾಭ ಇಷ್ಟು. ಆದರೆ ಹೊಡೆದುಹಾಕಿದ್ದರಲ್ಲೇ ಸರಿ ಉತ್ತರ ಇದ್ದರೆ ಆ ಪ್ರಶ್ನೆಯಲ್ಲಿ ನಷ್ಟ ಗ್ಯಾರಂಟಿ.

ಆದ್ದರಿಂದ ನಮ್ಮ ಮಾತು ಇಷ್ಟೇ. ಬೇರನ್ನು ಪದ ಒಳ್ಳೆಯ ಕಡೆಗೋ ಕೆಟ್ಟ ಕಡೆಗೋ ಎಂದು ತಿಳಿಯಲು ಬಳಸಿ, ಪೂರ್ತಿ ಅರ್ಥ ಹೇಳಲು ಅಲ್ಲ. ಅದೇ ಬೇರಿನ, ನಿಮಗೆ ಖಾತ್ರಿ ಗೊತ್ತಿರುವ ಎರಡು ಪದ ನೆನಪಿಗೆ ಬಂದರೆ ಮಾತ್ರ ನಂಬಿ. ಆಂಟೊನಿಮ್ ಪ್ರಶ್ನೆಯಲ್ಲಿ ಆಯ್ಕೆಗಳ ನಡುವೆ ಸಿನೊನಿಮ್ ಒಂದನ್ನು ಕೂರಿಸಿರುತ್ತಾರೆ. ಅರ್ಥ ಹೊಳೆದ ಖುಷಿಯಲ್ಲಿ ಅದನ್ನೇ ಒತ್ತಿ ಬರುವವರು ಬಹಳ. ಪ್ರಶ್ನೆ ಏನು ಕೇಳಿದೆ ಎಂದು ಒತ್ತುವ ಮುಂಚೆ ಮತ್ತೊಮ್ಮೆ ಓದಿ.

ಕೋಚಿಂಗ್‌ನವರಿಗೂ ಒಂದು ಮಾತು. ಫೀಸು ಕಟ್ಟಲು ಮನೆಯಲ್ಲಿ ಕುರಿ ಮಾರಿದವರೂ ನಿಮ್ಮ ಬೆಂಚಿನಲ್ಲಿ ಕೂತಿದ್ದಾರೆ. ಬೇರಿನ ಪಟ್ಟಿ ಕೊಡುವಾಗ ಅದರ ಬೆನ್ನಿಗೇ ಆ ಬೇರು ಮೋಸ ಮಾಡುವ ಪದಗಳನ್ನೂ, ಒಂದೊಂದು ವಾಕ್ಯವನ್ನೂ ಬರೆದುಕೊಡಿ. ಜೆರಾಕ್ಸ್‌ಗೆ ಇನ್ನೊಂದು ಹಾಳೆ ಹೆಚ್ಚಾದೀತು, ಅಷ್ಟೇ.