ಯಾರಿಗೆ ಯಾರು ಗೊತ್ತು?

ಕನ್ನಡ ಕಲಿಯುತ್ತಿರುವವರು ಅಂಗಡಿಗೆ ಹೋಗಿ ‘ನಾನು ಎರಡು ಕೆಜಿ ಅಕ್ಕಿ ಬೇಕು’ ಎಂದರೂ ಅಕ್ಕಿ ಸಿಗುತ್ತದೆ. ಸಂದರ್ಭವೇ ತಪ್ಪನ್ನು ಸರಿಮಾಡಿಕೊಳ್ಳುವುದರಿಂದ ಯಾರೂ ತಿದ್ದುವುದಿಲ್ಲ, ತಪ್ಪು ಹಾಗೇ ಉಳಿಯುತ್ತದೆ. ‘ಗೊತ್ತು’ ಎಂಬಲ್ಲಿಗೆ ಬಂದಾಗ ಮಾತ್ರ ಸಂದರ್ಭ ಕೈಕೊಡುತ್ತದೆ.

‘ನನಗೆ ಅವರು ಗೊತ್ತು’, ‘ಅವರಿಗೆ ನಾನು ಗೊತ್ತು’. ಎರಡೂ ಸರಿಯಾದ ಕನ್ನಡವೇ, ಅರ್ಥ ಮಾತ್ರ ಅದಲುಬದಲು. ಮುಖ್ಯಮಂತ್ರಿ ಯಾರೆಂದು ನನಗೆ ಗೊತ್ತು, ಅವರಿಗೆ ನಾನು ಗೊತ್ತಿಲ್ಲ. ತಿಳಿದವರು ಯಾರೆಂದು ಹೇಳುವುದು ‘ಗೆ’ ಒಂದೇ, ಪದಗಳ ಸರದಿಯಲ್ಲ. ಕಲಿಯುವವರು ‘ನಾನು’ ಎಂದು ಶುರುಮಾಡಿ, ‘ಗೆ’ಯನ್ನು ಇನ್ನೊಬ್ಬರಿಗೆ ಅಂಟಿಸಿ ‘ನಾನು ಅವರಿಗೆ ಗೊತ್ತು’ ಎನ್ನುತ್ತಾರೆ. ವಾಕ್ಯದಲ್ಲಿ ಒಂದು ಲೋಪವೂ ಇಲ್ಲ. ಹೇಳಬೇಕೆಂದುಕೊಂಡದ್ದಕ್ಕೆ ಪೂರಾ ಉಲ್ಟಾ, ಅಷ್ಟೇ. ಕೇಳಿದವರು ನಂಬಿಬಿಡುತ್ತಾರೆ. ಮುರುಕು ಕನ್ನಡಕ್ಕಿಂತ ಇದು ಅಪಾಯದ್ದು ಎಂದು ನನಗೆ ಅನಿಸುತ್ತದೆ.

ಪಾಠಗಳು ಸಾಮಾನ್ಯವಾಗಿ ‘ನಾನು ಹೋಗುತ್ತೇನೆ, ನಾನು ತಿನ್ನುತ್ತೇನೆ’ ಎಂದೇ ತೊಡಗುತ್ತವೆ. ಹಾಗಾಗಿ ಎಲ್ಲ ವಾಕ್ಯಕ್ಕೂ ‘ನಾನು’ ಮುಂದಿರಬೇಕೆಂಬ ರೂಢಿ ಬೀಳುತ್ತದೆ. ಹಸಿವು, ನೆನಪು, ತಿಳಿವಳಿಕೆಗಳು ನಾವು ಮಾಡುವ ಕೆಲಸಗಳಲ್ಲ, ನಮಗೆ ಆಗುವಂಥವು. ‘ನನಗೆ ಹಸಿವಾಯಿತು’ ಎಂಬಲ್ಲಿ ‘ಆಯಿತು’ ಹೊಂದುವುದು ಹಸಿವಿಗೆ. ‘ಅವನಿಗೆ ನಾನು ಕಂಡೆ’ ಎಂದರೆ ನೋಡಿದವನು ಅವನು, ಕ್ರಿಯಾಪದ ನನ್ನದು. ಹಾಗೆಂದು ‘ಗೆ’ ಹತ್ತಿದ ವ್ಯಕ್ತಿ ವಾಕ್ಯದಲ್ಲಿ ಗೌಣನಲ್ಲ: ‘ಅವಳಿಗೆ ತನ್ನ ಊರು ಇಷ್ಟ’ ಎಂಬಲ್ಲಿ ‘ತನ್ನ’ ಸೂಚಿಸುವುದು ಅವಳನ್ನೇ. ಹಾಗಾದರೆ ‘ಗೆ’ ಹತ್ತಿದ ಪದವನ್ನು ಕರ್ತೃವೆನ್ನಬಹುದೇ ಎಂಬ ಪ್ರಶ್ನೆಯನ್ನು ಭಾಷಾವಿಜ್ಞಾನಿ ಎಸ್.ಎನ್. ಶ್ರೀಧರ್ 1970ರ ದಶಕದಲ್ಲೇ ಕನ್ನಡದ ಉದಾಹರಣೆಗಳಿಟ್ಟು ಚರ್ಚಿಸಿದ್ದಾರೆ.

ತಮಿಳು, ತೆಲುಗಿನವರು ಇಲ್ಲಿ ಅಷ್ಟಾಗಿ ಎಡವುವುದಿಲ್ಲ. ‘ಎನಕ್ಕು ತೆರಿಯುಂ’, ‘ನಾಕು ತೆಲುಸು’ ಅವರ ಬಾಯಲ್ಲಿ ಮೊದಲೇ ಇವೆ. ಹಿಂದಿಯವರ ಕಷ್ಟ ಬೇರೆ ಥರ. ‘ಮುಝೇ ಚಾಹಿಯೇ’ ಇರುವುದರಿಂದ ‘ನನಗೆ ಬೇಕು’ ಸಲೀಸು. ಆದರೆ ‘ಮುಝೇ ಜಾನಾ ಚಾಹಿಯೇ’ ಎಂಬುದರ ಜಾಡು ಹಿಡಿದು, ಕಡ್ಡಾಯದ ಮಾತಿಗೂ ‘ನನಗೆ ಆಫೀಸಿಗೆ ಹೋಗಬೇಕು’ ಎಂದುಬಿಡುತ್ತಾರೆ. ಕನ್ನಡದಲ್ಲಿ ಅದು ‘ನಾನು ಹೋಗಬೇಕು’. ‘ನನಗೆ’ ಬಂದರೆ ಹೋಗುವ ಆಸೆಯ ಮಾತಾಗುತ್ತದೆ.

ಆದ್ದರಿಂದ ‘ಬೇಕು ಇದ್ದಲ್ಲಿ ನನಗೆ’ ಎಂಬ ಸೂತ್ರ ಕೊಡುವ ಮೇಷ್ಟ್ರು ಒಂದು ತಪ್ಪು ತಿದ್ದಿ ಇನ್ನೊಂದನ್ನು ಕಲಿಸಿದಂತಾಗುತ್ತದೆ. ನೋಡಬೇಕಾದದ್ದು ‘ಬೇಕು’ ಯಾವುದಕ್ಕೆ ಹತ್ತಿದೆ ಎಂಬುದನ್ನು. ವಸ್ತುವಿನ ಪಕ್ಕದಲ್ಲಿದ್ದರೆ ‘ನನಗೆ’. ಕ್ರಿಯೆಗೆ ಹತ್ತಿ ಕರ್ತವ್ಯ ಹೇಳುತ್ತಿದ್ದರೆ, ಆ ಕ್ರಿಯೆ ಮಾಡುವವನು ನಾನೇ ಆದ್ದರಿಂದ ‘ನಾನು’. ‘ನನಗೆ ಮಾತ್ರೆ ಬೇಕು’, ‘ನಾನು ಮಾತ್ರೆ ನುಂಗಬೇಕು’: ಈ ಎರಡನ್ನೂ ಮೊದಲ ವಾರದಲ್ಲೇ ಜೋಡಿಯಾಗಿ ಹೇಳಿಸುವುದು ಒಳ್ಳೆಯದು.