‘ನಮಸ್ಕಾರ’ದ ನಂತರದ ಮೌನ

ನಮ್ಮ ನೆರೆಮನೆಯ ಮೇಷ್ಟರಿಗೆ ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿದೆ, ಮಾತೂ ತೊದಲುತ್ತದೆ. ಬುದ್ಧಿ ಮಾತ್ರ ಮೊದಲಿನಂತೆಯೇ ಚುರುಕು. ದೂರವಾಣಿಯಲ್ಲಿ ಮಾತನಾಡಲು ಸಂಕೋಚಪಡುವ ಅವರು ಎಡಗೈಯ ತೋರುಬೆರಳೊಂದರಿಂದಲೇ ಕಂಪ್ಯೂಟರಿನ ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಮೇಲೆ ಕನ್ನಡ ಬರೆಯುತ್ತಾರೆ. ಒಂದು ಕೀಲಿಗೆ ಸುಮಾರು 10 ಸೆಕೆಂಡು. ‘ನಮಸ್ಕಾರ’ವೆಂದರೆ ಒತ್ತಕ್ಷರವೂ ದೀರ್ಘವೂ ಸೇರಿ 7 ಕೀಲಿಗಳು, ನಿಮಿಷಕ್ಕೂ ಮೀರಿದ ಕೆಲಸ.

ಈಚೆಗೆ ಅವರಿಗೆ ರಕ್ತದೊತ್ತಡದ 5 ಮಿಲಿಗ್ರಾಂ ಮಾತ್ರೆಯ ಬದಲು 10ರದು ಬಂದಿತ್ತು. ಅವರ ಪತ್ನಿ ಅದನ್ನು ಗಮನಿಸಿ ತೆಗೆದಿಟ್ಟರು. ಮೇಷ್ಟರು ಅಂಗಡಿಯವರ ಚಾಟ್ ತೆರೆದು ‘ನಮಸ್ಕಾರ’ ಎಂದರು. ‘ಹೇಳಿ ಸಾರ್, ಏನಾಗಬೇಕಿತ್ತು?’ ಎಂದು ತಕ್ಷಣ ಉತ್ತರ ಬಂತು. ‘ಮಾತ್ರೆ ಬದಲಾಗಿದೆ’ ಎಂದು ಬರೆಯುವುದು ಮೇಷ್ಟರ ಉದ್ದೇಶ. ‘ಔಷಧಿ’ ಎಂದು ಬರೆಯಲು ಔ, ಷ, ಧ ಮೂರಕ್ಕೂ ಶಿಫ್ಟ್ ಕೀಲಿಯನ್ನು ಜೊತೆಯಲ್ಲೇ ಅದುಮಬೇಕು. ಒಂದೇ ಬೆರಳಿಗೆ ಅದು ಆಗದು. ಆದ್ದರಿಂದಲೇ ‘ಮಾತ್ರೆ’ಯನ್ನು ಆರಿಸಿಕೊಂಡಿದ್ದರು. ಎರಡು ಪದಗಳಿಗೆ, ನಡುವಿನ ಖಾಲಿ ಜಾಗವೂ ಸೇರಿ, 15 ಕೀಲಿಗಳು, ಎರಡೂವರೆ ನಿಮಿಷ.

ಅಷ್ಟು ಹೊತ್ತು ಆ ಕಡೆಯವರು ಕಾಯಲಿಲ್ಲ. ಅರ್ಧ ನಿಮಿಷಕ್ಕೇ ‘ಅಲ್ಲಿದ್ದೀರಾ?’ ಎಂದರು. ಹೊಸ ಸಾಲು ಬಂದಾಗಲೆಲ್ಲ ಮೇಷ್ಟರು ಕೀಲಿಮಣೆಯಿಂದ ಕಣ್ಣೆತ್ತಿ ಓದಬೇಕು. ಮತ್ತೆ ಬಗ್ಗಿ, ಬಿಟ್ಟ ಅಕ್ಷರವನ್ನು ಹುಡುಕಬೇಕು. ಅಷ್ಟರಲ್ಲಿ ಅವರ ಖಾತೆಯನ್ನು ನೋಡಿದ ಆ ಮನುಷ್ಯ ತಾನೇ ಊಹಿಸಿ, ‘ಮಾತ್ರೆ ತಲುಪಿಲ್ಲವೇ?’ ಎಂದು ಕೇಳಿದರು. ಮೇಷ್ಟರು ಬರೆದುದನ್ನೆಲ್ಲ ಅಳಿಸಿ ‘ಹೌದು’ ಎಂದರು. ಅವರ ಅರ್ಥದಲ್ಲಿ ‘ಹೌದು, ತಲುಪಿದೆ.’ ಓದಿದವರ ಅರ್ಥದಲ್ಲಿ ‘ಹೌದು, ತಲುಪಿಲ್ಲ.’ ಮೂರನೆಯ ದಿನ ಅದೇ 10ರ ಮಾತ್ರೆ ಇನ್ನೊಮ್ಮೆ ಬಂತು!

ಮತ್ತೆ ಬರೆದಾಗ ನಾನು ಪಕ್ಕದಲ್ಲಿ ಕುಳಿತಿದ್ದೆ. ಈ ಸಲ ಆ ಕಡೆ ಬೇರೊಬ್ಬ ಮಹಿಳೆಯಿದ್ದರು. ‘ನಮಸ್ಕಾರ’ ಬಂದ ಮೇಲೆ ಮುಂದಿನ ಸಾಲು ತಡವಾದುದನ್ನು ಕಂಡು, ‘ನಿಧಾನವಾಗಿ ಬರೆಯಿರಿ ಸಾರ್. ನಾನು ಅರ್ಧ ಗಂಟೆ ಇಲ್ಲೇ ಇರುತ್ತೇನೆ. ತಪ್ಪಾದರೆ ತಿದ್ದಬೇಡಿ, ನನಗೆ ಅರ್ಥವಾಗುತ್ತದೆ’ ಎಂದು ಒಂದೇ ಬಾರಿ ಬರೆದು ಸುಮ್ಮನಾದರು. ‘ಬರೆಯುತ್ತಿದ್ದಾರೆ’ ಎಂಬ ಸೂಚನೆ ಹೊತ್ತಿ ಆರುತ್ತಿತ್ತು. ಬೆರಳು ನಿಂತಾಗ ಅದು ಆರುತ್ತದೆಯೇ ಹೊರತು ಮನುಷ್ಯ ಎದ್ದು ಹೋದನೆಂದಲ್ಲ. ಆಕೆ ಅದನ್ನು ಬಲ್ಲವರಾಗಿದ್ದರು.

‘ಮಾತ್ರೆ ಬದಲಾಗಿದೆ’ ಎಂಬ ಸಾಲು ಪೂರ್ತಿಯಾಗಿ ತಲುಪಿದ ಮೇಲೆ ಆಕೆ ಕೇಳಿದ್ದು ಒಂದೇ ಪ್ರಶ್ನೆ: ‘ಅಂಕಿ ಮಾತ್ರ ಒತ್ತಿ. 1 ಬೇರೆ ಮಾತ್ರೆ. 2 ಅದೇ ಮಾತ್ರೆ, ಪ್ರಮಾಣ ಹೆಚ್ಚು. 3 ಅದೇ ಮಾತ್ರೆ, ಪ್ರಮಾಣ ಕಡಿಮೆ. 4 ಇವು ಯಾವುವೂ ಅಲ್ಲ.’ ಮೇಷ್ಟರು 2 ಒತ್ತಿದರು. ಎರಡೂವರೆ ನಿಮಿಷದ ಶ್ರಮ ಒಂದು ಕೀಲಿಗೆ ಇಳಿಯಿತು. ಆ ನಾಲ್ಕನೆಯ ಅಂಕಿಯನ್ನು ಗಮನಿಸಬೇಕು. ಅದಿಲ್ಲದಿದ್ದರೆ, ಕೇಳುವವರ ಊಹೆ ಮೂರೂ ತಪ್ಪಾದಾಗ ದಣಿದ ಮನುಷ್ಯ ಯಾವುದಾದರೊಂದನ್ನು ಒಪ್ಪಿಕೊಂಡುಬಿಡುತ್ತಾನೆ. ತಿದ್ದುವುದಕ್ಕಿಂತ ಒಪ್ಪುವುದು ಅವನಿಗೆ ಅಗ್ಗ. ಕೊನೆಗೆ ಆಕೆ, ‘ನಿಮಗೆ 5ರ ಮಾತ್ರೆ ಬೇಕು. 10ರ ಎರಡು ಪೊಟ್ಟಣಗಳನ್ನು ಹಿಂದಕ್ಕೆ ಪಡೆಯುತ್ತೇವೆ. ಸರಿಯಿದ್ದರೆ 1, ತಪ್ಪಿದ್ದರೆ 2’ ಎಂದು ತಿಳಿದುದನ್ನು ಒಪ್ಪಿಸಿ ಕೇಳಿದರು. ‘ಇಲ್ಲವೇ?’ ಎಂಬ ತೊಡಕಿನ ಪ್ರಶ್ನೆಗೆ ಅಲ್ಲಿ ಎಡೆಯೇ ಇರಲಿಲ್ಲ.

ಇಂಥ ಮೌನವೆಲ್ಲ ನಿಧಾನದ್ದೇ ಎಂದು ತಿಳಿಯಲೂ ಬಾರದು. ನಮ್ಮವರೇ ಆದ ರೋಗಿಯೊಬ್ಬರು ‘ನಮಸ್ಕಾರ’ವೆಂದು, ಅವರ ವಾಡಿಕೆಗಿಂತ ಬಹಳ ಹೊತ್ತು ಏನೂ ಬರೆಯದಿದ್ದರೆ, ಪ್ರಶ್ನೆಗಳ ಮೇಲೆ ಪ್ರಶ್ನೆ ಕಳುಹಿಸುವ ಬದಲು ಮನೆಯವರಿಗೆ ಫೋನು ಮಾಡುವುದೇ ಸರಿ. ಅವರವರ ವಾಡಿಕೆಯ ವೇಗವನ್ನು ತಿಳಿದಿದ್ದರೆ ಮಾತ್ರ ಈ ವ್ಯತ್ಯಾಸ ಗೊತ್ತಾದೀತು.

ಕೆಲಸ ಮುಗಿಯಿತೆಂದು ನಾನು ಏಳಹೊರಟೆ. ಮೇಷ್ಟರು ಎಡಗೈಯಿಂದ ನನ್ನನ್ನು ತಡೆದು ಮತ್ತೆ ಕೀಲಿಮಣೆಯ ಮೇಲೆ ಬಾಗಿದರು. ‘ವಂದನೆ’ ಎಂದು ಬರೆಯಲು 5 ಕೀಲಿಗಳು. ಸುಮಾರು 50 ಸೆಕೆಂಡು. ಆ ಕಡೆ ಆಕೆ ಇನ್ನೂ ಕಾಯುತ್ತಿದ್ದರು.