ಮನೆವಾರ್ತೆ: ಒಂದೇ ಜೊತೆ ಬೂಟು

ಡೊಂಬಿವಲಿಯ ಸೋದರಿಯೊಬ್ಬರು ಕಳೆದ ಜೂನ್ ತಿಂಗಳಲ್ಲಿ ನನಗೊಂದು ಕಾಗದ ಬರೆದಿದ್ದರು. ಅವರ ಮಗ ಬಿ.ಕಾಂ. ಮುಗಿಸಿದ್ದಾನೆ. ಫೋರ್ಟಿನ ಒಂದು ಕಛೇರಿಯಿಂದ ಮೊದಲ ಸಂದರ್ಶನಕ್ಕೆ ಕರೆ ಬಂದಿದೆ, ಜುಲೈ ಮೂರನೆಯ ವಾರದಲ್ಲಿ. ಅಂಗಿ, ಷರಾಯಿ ಮನೆಯಲ್ಲೇ ಇವೆ, ಇಲ್ಲದ್ದು ಬೂಟು. “ಎರಡು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಬೂಟು, ಕಾಲುಚೀಲ, ಪಾಲಿಷು ಎಲ್ಲ ಅದರಲ್ಲೇ ಆಗಬೇಕು. ಕೆಲಸ ಸಿಕ್ಕರೆ ವರ್ಷವಿಡೀ ಅದೇ ಬೂಟು ಕಛೇರಿಗೂ ಬೇಕು, ಮಾಘದಲ್ಲಿ ಅವನಕ್ಕನ ಮದುವೆಗೂ ಬೇಕು. ನನ್ನ ತಮ್ಮ ತನ್ನ ಮದುವೆಯಲ್ಲಿ ಕೊಂಡ ಬೂಟು ಒಂದೇ ಸಲ ಹಾಕಿದ್ದು, ಅಟ್ಟದ ಮೇಲಿದೆ, ಬೇಕಾದರೆ ಒಯ್ಯಿ ಎನ್ನುತ್ತಾನೆ. ಕೊಳ್ಳಲೋ, ಅದನ್ನೇ ಹಾಕಿಸಲೋ?” ಎಂದು ಕೇಳಿದ್ದರು. ಅವರಿಗೆ ಆಗಲೇ ಉತ್ತರ ಬರೆದೆ. ಜೂನ್ ಬಂತೆಂದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಏಳುತ್ತದೆಯಾದ್ದರಿಂದ ಇಲ್ಲಿಯೂ ಬರೆಯುತ್ತಿದ್ದೇನೆ.

ಮೊದಲು ಸೋದರಮಾವನ ಬೂಟಿನ ಮಾತು. ಐದಾರು ವರ್ಷ ಅಟ್ಟದಲ್ಲಿದ್ದ ಬೂಟು ನೋಡಲು ಹೊಸದರಂತೆಯೇ ಇರುತ್ತದೆ. ಮೋಸವಿರುವುದು ಅಟ್ಟೆಯಲ್ಲಿ. ಈಗಿನ ಹಗುರವಾದ ಬೂಟುಗಳಲ್ಲಿ ಅನೇಕಕ್ಕೆ ಪಿ.ಯು., ಅಂದರೆ ಪಾಲಿಯುರಿಥೇನ್ ಎಂಬ ವಸ್ತುವಿನ ಅಟ್ಟೆ ಇರುತ್ತದೆ. ಗಾಳಿಯಲ್ಲಿನ ತೇವ ಅದರೊಳಗೆ ಸೇರಿ, ವರ್ಷಗಳು ಕಳೆದಂತೆ ಅದರ ಹಿಡಿತವನ್ನೇ ಮುರಿದುಬಿಡುತ್ತದೆ. ಹಾಕಿಕೊಳ್ಳದೆ ಮುಚ್ಚಿಟ್ಟ ಮಾತ್ರಕ್ಕೆ ಅದು ಉಳಿಯುವುದಿಲ್ಲ. ಮುಂಬಯಿ, ಚೆನ್ನೈಯಂಥ ಕಡಲೂರುಗಳಲ್ಲಿ ತೇವಕ್ಕೇನು ಕೊರತೆ? ಹಾಕಿಕೊಂಡು ಒಂದು ಮೈಲಿ ನಡೆಯುವುದರೊಳಗೆ ಅಟ್ಟೆ ಒಣಗಿದ ಕೇಕಿನಂತೆ ಪುಡಿಪುಡಿಯಾಗಿ ಉದುರುತ್ತದೆ. ಸಂದರ್ಶನದ ದಿನ ಹೀಗಾದರೆ ಹುಡುಗನ ಗತಿ ಏನು?

ಪರೀಕ್ಷೆ ಸುಲಭ. ಬೂಟನ್ನು ಕೈಯಲ್ಲಿ ಹಿಡಿದು ಬೆರಳ ಬುಡದ ಬಳಿ ಹತ್ತು ಸಲ ಬಗ್ಗಿಸಿ. ಅಟ್ಟೆಯ ಅಂಚಿಗೆ ಉಗುರು ಒತ್ತಿ. ಸಣ್ಣ ಬಿರುಕು ಕಂಡರೆ, ಅಂಟಂಟಾದರೆ, ಉಗುರಿಗೆ ಪುಡಿ ಬಂದರೆ ಆ ಬೂಟಿನ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಅಂಟು ಹಾಕಿದರೂ ನಿಲ್ಲದು. ಆ ತಾಯಿ ಹೀಗೆಯೇ ನೋಡಿದರಂತೆ. ಬಲಗಾಲಿನದು ಐದನೆಯ ಸಲಕ್ಕೇ ಬಿರಿಯಿತು. ಹೊಸದನ್ನು ಕೊಳ್ಳುವಾಗಲೂ ಇದು ನೆನಪಿರಲಿ. ಅರ್ಧಬೆಲೆಯ ಮಾರಾಟದಲ್ಲಿ ಬರುವ ಹಳೆಯ ದಾಸ್ತಾನಿಗೂ ಇದೇ ರೋಗ. ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಬೆಲೆಗಿಂತ ಮೊದಲು ಅದನ್ನು ಓದಿ.

ಇನ್ನು ಯಾವ ಬಗೆಯ ಬೂಟು? ಒಂದೇ ಜೊತೆ ಎಂದಮೇಲೆ ಬಣ್ಣ ಕಪ್ಪೇ ಆಗಬೇಕು. ಕಂದು ಬೂಟು ಚೆಲುವಾದದ್ದು, ನಿಜ. ಆದರೆ ಅದಕ್ಕೆ ಕಂದು ಸೊಂಟಪಟ್ಟಿ ಬೇಕು, ಕಪ್ಪು ಷರಾಯಿಗೆ ಅದು ಹೊಂದುವುದಿಲ್ಲ; ಒಂದನ್ನು ಕೊಳ್ಳಹೋಗಿ ಮೂರನ್ನು ಕೊಂಡಂತಾದೀತು. ಕಪ್ಪು ಬೂಟು ಬೂದು, ಕಡುನೀಲಿ, ಕಪ್ಪು ಮೂರಕ್ಕೂ ಸಲ್ಲುತ್ತದೆ. ಮುಂಭಾಗ ಗುಂಡಾಗಿರಲಿ, ಮೇಲೆ ತೂತಿನ ಚಿತ್ತಾರ, ಬಕ್ಕಲು ಯಾವುದೂ ಬೇಡ. ಮುಂಬಯಿಯ ಹುಡುಗರಿಗೆ ಚೂಪು ಮೂತಿಯ ಬೂಟಿನ ಮೇಲೆ ಬಹಳ ಆಸೆ. ಆ ಚೂಪಿನೊಳಗೆ ಬೆರಳು ಹೋಗುವುದಿಲ್ಲ. ಖಾಲಿ ತುದಿ ನಾಲ್ಕು ವಾರಕ್ಕೆ ಮೇಲಕ್ಕೆ ಮಗುಚಿಕೊಳ್ಳುತ್ತದೆ.

ಲೇಸು ಇರುವುದೋ, ಇಲ್ಲದ್ದೋ ಎಂಬ ಪ್ರಶ್ನೆಯಲ್ಲಿ ನಾನು ಲೇಸಿನ ಪಕ್ಷ. ಲೇಸಿಲ್ಲದ ಲೋಫರು ಕಾಲಿನಲ್ಲಿ ನಿಲ್ಲಬೇಕಾದರೆ ಮೊದಲ ದಿನವೇ ಬಿಗಿಯಾಗಿರಬೇಕು. ಚರ್ಮ ಹಿಗ್ಗಿದ ಮೇಲೆ ಹಿಮ್ಮಡಿ ಜಾರತೊಡಗುತ್ತದೆ, ಆಮೇಲೆ ಬಿಗಿಮಾಡುವ ಉಪಾಯವಿಲ್ಲ. ಲೇಸಿನ ಬೂಟಿನಲ್ಲಿ ಎರಡು ಬಗೆ. ಲೇಸಿನ ಎರಡು ರೆಕ್ಕೆಗಳು ಮುಂಭಾಗದ ಚರ್ಮದ ಕೆಳಗೆ ಹೊಲಿದು ಮುಚ್ಚಿಕೊಂಡಿರುವುದು ಆಕ್ಸ್‌ಫರ್ಡ್; ಆ ರೆಕ್ಕೆಗಳು ಮೇಲೆ ಕುಳಿತು ಬಿಡುಬಿಡುವಾಗಿ ತೆರೆದುಕೊಳ್ಳುವುದು ಡರ್ಬಿ. ಚಿಕ್ಕಂದಿನಿಂದ ಚಪ್ಪಲಿಯಲ್ಲಿ ಓಡಾಡಿದ ನಮ್ಮ ಹುಡುಗರ ಪಾದ ಮುಂದೆ ಅಗಲವಾಗಿರುತ್ತದೆ. ಅದರ ಮೇಲೆ ಲೋಕಲ್ ಗಾಡಿಯಲ್ಲಿ ಒಂದೂಕಾಲು ಗಂಟೆ ನಿಂತರೆ ಊದಿಕೊಳ್ಳುತ್ತದೆ ಕೂಡ. ಡರ್ಬಿಯಾದರೆ ಲೇಸನ್ನು ತುಸು ಸಡಿಲಿಸಿದರಾಯಿತು. ಇಷ್ಟರಮೇಲೆ, ಲೇಸಿನ ನಡುವಿನ ಸಂದೇ ಅಳತೆಯ ಸಾಕ್ಷಿ: ಕಟ್ಟಿದಾಗ ಎರಡು ರೆಕ್ಕೆಗಳ ನಡುವೆ ಒಂದು ಬೆರಳಿನಷ್ಟು ಜಾಗ ಉಳಿಯಬೇಕು. ಪೂರಾ ಕೂಡಿಕೊಂಡರೆ ಬೂಟು ಸಡಿಲ. ಅಗಲವಾಗಿ ಬಾಯಿಬಿಟ್ಟರೆ ಬಿಗಿ.

ಅಳತೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಹಣ ಹಾಳಾಗುವುದು ಹೆಚ್ಚಾಗಿ ಇಲ್ಲೇ. ನಮ್ಮ ಅಂಗಡಿಗಳ ಆರು, ಏಳು, ಎಂಟು ಎಂಬ ನಂಬರುಗಳು ಇಂಗ್ಲಿಷರಿಂದ ಬಂದವು. ಒಂದು ನಂಬರಿಗೂ ಮುಂದಿನದಕ್ಕೂ ಇಂಚಿನ ಮೂರನೆಯ ಒಂದು ಭಾಗದ ಅಂತರ. ಅದು ಜವೆಗೋಧಿಯ ಒಂದು ಕಾಳಿನ ಉದ್ದವಂತೆ. ನಮ್ಮ ಅಜ್ಜಂದಿರು ಬಂಗಾರವನ್ನು ಗುಲಗಂಜಿಯಿಂದ ತೂಗಲಿಲ್ಲವೆ, ಹಾಗೆ. ಎಂಟು ನಂಬರಿನ ಬೂಟು ಮಾಡುವ ಅಚ್ಚಿನ ಉದ್ದ 11 ಇಂಚು, ಎಂದರೆ ಸುಮಾರು 28 ಸೆಂಟಿಮೀಟರು. ಪಾದ ಅಷ್ಟು ಉದ್ದವಿರಬಾರದು. ನಡೆಯುವಾಗ ಬೆರಳು ಮುಂದೆ ಸರಿಯಲು ಒಂದೂಕಾಲು ಸೆಂಟಿಮೀಟರಿನಷ್ಟಾದರೂ ಜಾಗ ಬೇಕು.

ಈ ಹುಡುಗನ ಲೆಕ್ಕವನ್ನೇ ನೋಡಿ. ಸಂಜೆ ಹೊತ್ತು, ಕಾಲುಚೀಲ ಹಾಕಿಕೊಂಡು, ಗೋಡೆಗೆ ಹಿಮ್ಮಡಿ ತಾಗಿಸಿ, ಹಾಳೆಯ ಮೇಲೆ ನಿಲ್ಲಿಸಿದರು. ಪೆನ್ಸಿಲನ್ನು ನೇರವಾಗಿ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆದರು. ಎಡಗಾಲು 26.2 ಸೆಂಟಿಮೀಟರು, ಬಲಗಾಲು 26.6. ಎರಡೂ ಕಾಲು ಸಮನಾಗಿರುವುದು ಅಪರೂಪ, ದೊಡ್ಡದನ್ನೇ ಹಿಡಿಯಬೇಕು. 26.6ಕ್ಕೆ ಒಂದೂಕಾಲು ಸೇರಿಸಿದರೆ 28ಕ್ಕೆ ಹತ್ತಿರ. ಆದ್ದರಿಂದ ಎಂಟು ನಂಬರು. ಹುಡುಗ ಕಾಲೇಜಿಗೆ ಒಂಬತ್ತು ನಂಬರಿನ ಕ್ಯಾನ್ವಾಸ್ ಬೂಟು ಹಾಕುತ್ತಿದ್ದ. ಅದನ್ನೇ ಹೇಳಿ ಕೊಂಡಿದ್ದರೆ ಎಂಟೂವರೆ ಮಿಲಿಮೀಟರು ಹೆಚ್ಚಾಗಿ ಹಿಮ್ಮಡಿ ಉಜ್ಜಿ ಹೋಗುತ್ತಿತ್ತು. ನಂಬರು ಸರಿಹೋದರೂ ಕಾರ್ಖಾನೆಯಿಂದ ಕಾರ್ಖಾನೆಗೆ ಅಗಲ ಬೇರೆ. ಅದಕ್ಕೆ ಆ ಗೆರೆಯ ಹಾಳೆಯನ್ನು ಕತ್ತರಿಸಿ ಜೊತೆಗೆ ಒಯ್ಯಬೇಕು. ಬೂಟಿನೊಳಗೆ ಇಟ್ಟಾಗ ಹಾಳೆಯ ಅಂಚು ಪಕ್ಕಕ್ಕೆ ತಾಗಿ ಮಡಿಚಿಕೊಂಡರೆ ಪಾದವೂ ಹಾಗೆಯೇ ಮಡಿಚಿಕೊಳ್ಳುತ್ತದೆ ಎಂದು ಅರ್ಥ. ಅಂಗಡಿಯಾತ “ಹಾಕುತ್ತಾ ಹಾಕುತ್ತಾ ಹಿಗ್ಗುತ್ತದೆ” ಎನ್ನುತ್ತಾನೆ. ಚರ್ಮ ಅಗಲಕ್ಕೆ ಚೂರು ಹಿಗ್ಗೀತು, ಉದ್ದಕ್ಕೆ ಹಿಗ್ಗುವುದಿಲ್ಲ. ರೆಕ್ಸಿನ್ ಯಾವ ಕಡೆಗೂ ಹಿಗ್ಗುವುದಿಲ್ಲ.

ಒಂದು ಶನಿವಾರ ಸಂಜೆ ತಾಯಿ, ಮಗ ಇಬ್ಬರೂ ಹೊರಟರು. ಮೊದಲ ಅಂಗಡಿಯಲ್ಲಿ 899 ರೂಪಾಯಿಗೆ ಕನ್ನಡಿಯಂತೆ ಹೊಳೆಯುವ ಚೂಪು ಬೂಟು. ಹೆಬ್ಬೆರಳಿನಿಂದ ಒತ್ತಿದರೆ ಸಣ್ಣ ನೆರಿಗೆ ಬೀಳಲಿಲ್ಲ, ಪ್ಲಾಸ್ಟಿಕ್ಕಿನಂತೆ ಒಳಕ್ಕೆ ತಗ್ಗಿ ಹಾಗೆಯೇ ಹೊರಬಂತು. ಅದು ರೆಕ್ಸಿನ್. ಸಾವಿರದೊಳಗಿನ ಹಣವೇ ಇದ್ದಿದ್ದರೆ ಗುಂಡು ಮೂತಿಯ ರೆಕ್ಸಿನ್ ಬೂಟನ್ನೇ ಕೊಳ್ಳಿರೆಂದು ನಾನು ಹೇಳುತ್ತಿದ್ದೆ. ಒಂದು ವರ್ಷ ಮರ್ಯಾದೆಯಿಂದ ನಡೆದೀತು, ಆಮೇಲೆ ಬಗ್ಗುವ ಜಾಗದಲ್ಲಿ ಸುಲಿಯುತ್ತದೆ. ಎರಡನೆಯ ಅಂಗಡಿಯಲ್ಲಿ 1,450ಕ್ಕೆ “ಶುದ್ಧ ಚರ್ಮ” ಎಂಬ ಲೋಫರು. ನಾಲಗೆಯ ಕತ್ತರಿಸಿದ ಅಂಚನ್ನು ನೋಡಿದರೆ ಕೆಳಗೆ ನಾರುನಾರಾದ ಚರ್ಮ, ಮೇಲೆ ದಪ್ಪವಾದ ಬಣ್ಣದ ಪದರ. ಇದು ತೊಗಲನ್ನು ಸೀಳಿ ಮೇಲಿನ ಗಟ್ಟಿ ಪದರವನ್ನು ಬೇರೆ ಕೆಲಸಕ್ಕೆ ತೆಗೆದುಕೊಂಡ ಮೇಲೆ ಉಳಿಯುವ ಅಡಿಭಾಗ. ಚರ್ಮವೆಂಬುದು ಸುಳ್ಳಲ್ಲ, ಆದರೆ ಚರ್ಮದ ಬೆಲೆ ಕೊಟ್ಟು ರೆಕ್ಸಿನ್ನಿನ ಬಾಳಿಕೆ ಪಡೆದಂತೆ.

ಮರುದಿನ ಕುರ್ಲಾದಲ್ಲಿಳಿದು ಠಕ್ಕರ್ ಬಾಪಾ ಕಾಲನಿಗೆ ಹೋದರು. ಬೂಟು, ಚಪ್ಪಲಿ ಮಾಡುವ ಮನೆಗಳು, ಅಂಗಡಿಗಳು ಅಲ್ಲಿ ಗಲ್ಲಿತುಂಬ ಇವೆ. ಅಲ್ಲಿ ಸಿಕ್ಕಿದ್ದು ಕಪ್ಪು ಡರ್ಬಿ, 1,650 ರೂಪಾಯಿ. ಒತ್ತಿದರೆ ಸಣ್ಣ ನೆರಿಗೆ ಬಿದ್ದು ಬಿಟ್ಟೊಡನೆ ಮಾಯವಾಯಿತು. ಅಂಚಿನಲ್ಲಿ ಬಣ್ಣದ ಪದರ ತೆಳು. ಅಟ್ಟೆ ಟಿ.ಪಿ.ಆರ್. ಎಂಬ ರಬ್ಬರಿನಂಥ ವಸ್ತುವಿನದು, ಪಿ.ಯು.ಗಿಂತ ತೂಕ ಹೆಚ್ಚು, ಆದರೆ ತೇವಕ್ಕೆ ಹಾಗೆ ಪುಡಿಯಾಗುವುದಿಲ್ಲ, ಒದ್ದೆ ಪ್ಲಾಟ್‌ಫಾರಮಿನ ಮೇಲೆ ಜಾರುವುದೂ ಕಡಮೆ. ಎರಡು ಕಾಲಿಗೂ ಹಾಕಿ, ಲೇಸು ಕಟ್ಟಿ, ಕಲ್ಲುಹಾಸಿನ ಮೇಲೆ ಹತ್ತು ನಿಮಿಷ ನಡೆಸಿ ನೋಡಿದರು. ಬೂಟು ಬಗ್ಗುವ ಜಾಗವೂ ಬೆರಳ ಬುಡವೂ ಒಂದೇ ಕಡೆ ಬಂದುವು.

ಈ ಬೆಲೆಯ ಬೂಟಿನ ಅಟ್ಟೆಯನ್ನು ಅಂಟಿನಿಂದಲೇ ಕೂಡಿಸಿರುತ್ತಾರೆ. ಅಂಚಿನಲ್ಲಿ ಕಾಣುವ ಹೊಲಿಗೆ ಹಲವು ಸಲ ಬರಿಯ ಅಚ್ಚಿನ ಗೆರೆ. ಮಳೆಗೆ ಮೊದಲು ಬಾಯಿ ಬಿಡುವುದು ಮುಂದಿನ ತುದಿ. ಆದ್ದರಿಂದ ನಿಲ್ದಾಣದ ಬಳಿಯ ಮೋಚಿಯವರಲ್ಲಿ ಕೊಟ್ಟು ಅಟ್ಟೆಯ ಸುತ್ತ ಕೈಹೊಲಿಗೆ ಹಾಕಿಸಿದರು. ಅದಕ್ಕೆ 120 ರೂಪಾಯಿ. ಅಟ್ಟೆಯ ಅಂಚು ದಪ್ಪವಾಗಿ ಗಟ್ಟಿಯಾಗಿದ್ದರೆ ಮಾತ್ರ ಈ ಹೊಲಿಗೆ ನಿಲ್ಲುತ್ತದೆ. ಒಳಗೆ ಪೊಳ್ಳಾದ ಅಟ್ಟೆಗೆ ಹಾಕಿಸಿದರೆ ತೂತಿನಿಂದ ನೀರು ಬಂದೀತು, ಅದನ್ನು ಮೋಚಿಯವರೇ ನೋಡಿ ಹೇಳುತ್ತಾರೆ. ಕಪ್ಪು ಕಾಲುಚೀಲ 80, ಪಾಲಿಷಿನ ಡಬ್ಬಿ 90. ಒಟ್ಟು 1,940. ಕಾಲುಚೀಲ ಮೀನಖಂಡದ ಅರ್ಧದವರೆಗೆ ಬರುವಂಥದಿರಲಿ. ಕುರ್ಚಿಯಲ್ಲಿ ಕುಳಿತಾಗ ಷರಾಯಿ ಮೇಲೆ ಸರಿಯುತ್ತದೆ, ಎದುರಿಗೆ ಕುಳಿತವರ ಕಣ್ಣಿಗೆ ಬರಿಗಾಲು ಬೀಳಬಾರದು.

ಹೆಣ್ಣುಮಕ್ಕಳಿಗೂ ನ್ಯಾಯ ಇದೇ: ಕಪ್ಪು, ಮುಂದೆ ಮುಚ್ಚಿದ್ದು, ಹಿಮ್ಮಡಿಯ ಎತ್ತರ ಒಂದೂವರೆ ಇಂಚಿಗೆ ಮೀರದ್ದು. ಪಾದದ ಮೇಲೆ ಹಾಯುವ ಒಂದು ಪಟ್ಟಿ ಇದ್ದರೆ ಲೇಸಿನ ಕೆಲಸವನ್ನು ಅದು ಮಾಡುತ್ತದೆ. ಸೀರೆಗೂ ಚೂಡಿದಾರಕ್ಕೂ ಆಗುತ್ತದೆ.

ಸಂದರ್ಶನಕ್ಕೆ ಇನ್ನೂ ಹದಿನೈದು ದಿನವಿತ್ತು. ಹೊಸ ಬೂಟನ್ನು ಆ ದಿನವೇ ಮೊದಲು ಹಾಕುವುದು ಬೇಡವೆಂದು ಬರೆದಿದ್ದೆ. ದಿನಾ ಸಂಜೆ ಅರ್ಧ ಗಂಟೆ ಮನೆಯೊಳಗೇ ಹಾಕಿಕೊಂಡು ಓಡಾಡಿದ. ಎಡ ಹಿಮ್ಮಡಿ ಕೆಂಪಾದಾಗ ಒಳ ಅಂಚನ್ನು ಚಮಚೆಯ ಬೆನ್ನಿನಿಂದ ಉಜ್ಜಿ ಮೆದುಮಾಡಿದರು, ನಾಲ್ಕು ದಿನಕ್ಕೆ ಸರಿಹೋಯಿತು. ಸಂದರ್ಶನದ ದಿನ ಬೆಳಗಿನಿಂದಲೇ ಮಳೆ. ಹುಡುಗ ರಬ್ಬರ್ ಚಪ್ಪಲಿಯಲ್ಲಿ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಒಯ್ದ ಬೂಟನ್ನು ಕಛೇರಿಯ ಕೆಳಗಿನ ಮೊಗಸಾಲೆಯಲ್ಲಿ ಕಾಲೊರೆಸಿಕೊಂಡು ಹಾಕಿಕೊಂಡ. ಕೆಲಸ ಸಿಕ್ಕಿತೋ ಇಲ್ಲವೋ, ಇದನ್ನು ಬರೆಯುವ ಹೊತ್ತಿಗೆ ಅವರಿಗಿನ್ನೂ ತಿಳಿದಿಲ್ಲ.

ಹಿಂತಿರುಗುವಾಗ ಮಾತ್ರ ಬೂಟು ನೆನೆಯಿತಂತೆ. ನೆನೆದ ಬೂಟನ್ನು ಬಿಸಿಲಿಗೂ ಒಲೆಯ ಪಕ್ಕಕ್ಕೂ ಇಡಬಾರದು. ಚರ್ಮ ಬಿರಿಯುತ್ತದೆ, ಅಂಟು ಬಿಡುತ್ತದೆ. ಲೇಸು ಬಿಚ್ಚಿ, ಒಣಬಟ್ಟೆಯಿಂದ ಒರೆಸಿ, ಒಳಗೆ ಸುದ್ದಿಪತ್ರಿಕೆ ತುರುಕಿ, ಪಕ್ಕಕ್ಕೆ ಮಲಗಿಸಿ ಫ್ಯಾನಿನ ಗಾಳಿಗೆ ಇಡಬೇಕು. ಮೊದಲ ರಾತ್ರಿ ಎರಡು ಸಲ ಕಾಗದ ಬದಲಾಯಿಸಿ. ಪೂರ್ತಿ ಒಣಗಲು ಎರಡು ದಿನ ಹಿಡಿಯುತ್ತದೆ. ಆಮೇಲೆ ಪಾಲಿಷನ್ನು ಹಳೆಯ ಬನಿಯನ್ನಿನ ತುಂಡಿನಲ್ಲಿ ತೆಳುವಾಗಿ ಸವರಿ, ಹತ್ತು ನಿಮಿಷ ಬಿಟ್ಟು ಬ್ರಷ್ಷಿನಿಂದ ಉಜ್ಜಿದರೆ ಬೂಟು ಮೊದಲಿನಂತಾಗುತ್ತದೆ.